ಮೂರು ಸಲ ಹೊಡೆದುಹಾಕಿದ ಗ್ರಾಫು

ನನಗೆ ಸಿಟ್ಟು ಬೇಗ ಬರುತ್ತದೆ. ಈಗಲೂ ಬರುತ್ತದೆ, ಆದರೆ ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಅದಕ್ಕೊಂದು ವೇಳಾಪಟ್ಟಿಯೇ ಇತ್ತು. ಬೆಳಿಗ್ಗೆ ಬಂಟ್ವಾಳ ಪೇಟೆಯಲ್ಲಿ ಬಸ್ಸಿನ ಮೆಟ್ಟಿಲಿನಲ್ಲಿ ನೇತಾಡುವಾಗ ಶುರುವಾಗುತ್ತಿತ್ತು. ಸಿದ್ಧಕಟ್ಟೆಯಲ್ಲಿ ಬಸ್ಸು ಕಾರಣವಿಲ್ಲದೆ ಹತ್ತು ನಿಮಿಷ ನಿಂತಾಗ ಇನ್ನಷ್ಟು ಏರುತ್ತಿತ್ತು. ಮೂಡುಬಿದಿರೆಗೆ ಎರಡು ಸ್ಟಾಪ್ ಇರುವಾಗಲೇ ಇಳಿದು, ಪಾಲಿಟೆಕ್ನಿಕ್ಕಿನ ದಿಣ್ಣೆ ಹತ್ತಿ, ಕಮ್ಯುನಿಕೇಶನ್ ಲ್ಯಾಬಿನ ಬೀಗ ತೆಗೆಯುವ ಹೊತ್ತಿಗೆ ಯಾರ ಮೇಲೆ ಹಾಯಬೇಕು ಎಂದು ಹುಡುಕುವಷ್ಟು ಹದವಾಗಿರುತ್ತಿತ್ತು. ಒಳಗೆ ಮೂವತ್ತು ವಿದ್ಯಾರ್ಥಿಗಳು ಇರುತ್ತಿದ್ದರು, ಹುಡುಕುವ ಕಷ್ಟ ಇರಲಿಲ್ಲ.

ನಾನು ಅಲ್ಲಿ ಇನ್‌ಸ್ಟ್ರಕ್ಟರ್. ನಾಲ್ಕು ವರ್ಷದಿಂದ ತಾತ್ಕಾಲಿಕ. ‘ಈ ಸಲ ಖಾಯಂ ಆಗ್ತದೆ’ ಎಂದು ನಮ್ಮ ವಿಭಾಗದ ಮುಖ್ಯಸ್ಥರು ಪ್ರತಿ ಜೂನಿನಲ್ಲಿ ಹೇಳುತ್ತಿದ್ದರು, ಪ್ರತಿ ಜೂನಿನಲ್ಲಿ ನಾನು ನಂಬುತ್ತಿದ್ದೆ. ಲ್ಯಾಬಿನಲ್ಲಿ ಮಾತ್ರ ನಾನೇ ರಾಜ. ಅಲೆಯನ್ನು ಪರದೆಯಲ್ಲಿ ತೋರಿಸುವ ಯಾವ ಸಿ.ಆರ್.ಓ.ದ ಯಾವ ಗುಂಡಿ ಸಡಿಲ, ಯಾವ ಸಿಗ್ನಲ್ ಜನರೇಟರಿನ ವಯರು ಅಲುಗಾಡಿಸಿದರೆ ಮಾತ್ರ ಜೀವ ಬರುತ್ತದೆ, ಎಲ್ಲ ನನಗೆ ಗೊತ್ತು. ನನ್ನ ಕೆಂಪು ಶಾಯಿಯ ಸಹಿ ಇಲ್ಲದ ರೆಕಾರ್ಡ್ ಪುಸ್ತಕಕ್ಕೆ ಬೆಲೆ ಇಲ್ಲ. ಆ ಪುಸ್ತಕ ಪೂರ್ತಿಯಾಗದವರಿಗೆ ಪ್ರಾಯೋಗಿಕ ಪರೀಕ್ಷೆಗೆ ಕೂರಲು ಬಿಡುತ್ತಿರಲಿಲ್ಲ.

ನಾಲ್ಕನೆಯ ಪ್ರಯೋಗ ಆಂಪ್ಲಿಟ್ಯೂಡ್ ಮಾಡ್ಯುಲೇಶನ್. ರೇಡಿಯೋ ಕೇಳುವ ಪ್ರತಿಯೊಬ್ಬನೂ ಅದರ ಋಣಿ, ಆದರೆ ಯಾರಿಗೂ ಅದು ಬೇಡ. ಮಾತು ತಾನಾಗಿ ಹೆಚ್ಚು ದೂರ ಹೋಗಲಾರದು. ಅದನ್ನು ಹೊರಲು ತುಂಬ ವೇಗವಾಗಿ ಏರಿಳಿಯುವ ಇನ್ನೊಂದು ಅಲೆ ಬೇಕು, ಅದು ಕ್ಯಾರಿಯರ್. ಮಾತಿನ ಅಲೆ ಏರಿದಾಗ ಕ್ಯಾರಿಯರಿನ ಎತ್ತರ ಹೆಚ್ಚುತ್ತದೆ, ಮಾತು ಇಳಿದಾಗ ಕಡಿಮೆಯಾಗುತ್ತದೆ. ಸಿ.ಆರ್.ಓ. ಪರದೆಯಲ್ಲಿ ಅದು ಒತ್ತೊತ್ತಾದ ಗೆರೆಗಳ ಹಸಿರು ಪಟ್ಟಿಯ ಹಾಗೆ ಕಾಣುತ್ತದೆ, ಅಂಚು ಮಾತ್ರ ಅಲೆಯಲೆ. ಆ ಅಂಚಿಗೆ ಎನ್ವಲಪ್ ಎನ್ನುತ್ತಾರೆ. ನಮ್ಮ ಸಂದೇಶ ಇರುವುದು ಅಲ್ಲಿ. ಅಂಚು ಎಷ್ಟು ಆಳವಾಗಿ ಏರಿಳಿಯುತ್ತದೆ ಎಂಬುದರ ಅಳತೆ ಮಾಡ್ಯುಲೇಶನ್ ಇಂಡೆಕ್ಸ್. ಪಟ್ಟಿ ಅತಿ ಅಗಲ ಇರುವಲ್ಲಿ ಆರು ವೋಲ್ಟು, ಅತಿ ಕಿರಿದಾಗಿರುವಲ್ಲಿ ಎರಡು ವೋಲ್ಟು ಎಂದಿಟ್ಟುಕೊಳ್ಳಿ. ವ್ಯತ್ಯಾಸ ನಾಲ್ಕು, ಮೊತ್ತ ಎಂಟು. ನಾಲ್ಕನ್ನು ಎಂಟರಿಂದ ಭಾಗಿಸಿದರೆ ಅರ್ಧ, ಪಾಯಿಂಟ್ ಐದು. ಅದು ಒಂದನ್ನು ದಾಟಿದರೆ ಅಂಚು ಮಡಚಿಕೊಂಡು ಸಂದೇಶವೇ ಕೆಡುತ್ತದೆ.

ನಮ್ಮ ಲ್ಯಾಬಿನ ಎಲ್ಲ ರೆಕಾರ್ಡುಗಳಲ್ಲಿಯೂ, ಎಲ್ಲ ವರ್ಷಗಳಲ್ಲಿಯೂ, ಇಂಡೆಕ್ಸ್ ಪಾಯಿಂಟ್ ಐದೇ. ಹಿರಿಯರ ಪುಸ್ತಕದಿಂದ ಕಿರಿಯರು ಇಳಿಸಿಕೊಳ್ಳುತ್ತಿದ್ದರು. ಗ್ರಾಫು ಬರೆಯಲು ಒಂದು ಅಚ್ಚು ಕೂಡ ಇತ್ತು. ಹಳೆಯ ಎಕ್ಸ್‌ರೇ ಹಾಳೆಯನ್ನು ಬ್ಲೇಡಿನಿಂದ ಕೊರೆದು ನಾನೇ ಮಾಡಿದ್ದು. ಒಂದು ಬದಿಯಲ್ಲಿ ಮಾಡ್ಯುಲೇಟೆಡ್ ಅಲೆ, ಇನ್ನೊಂದು ಬದಿಯಲ್ಲಿ, ಅದರಿಂದ ಸಂದೇಶವನ್ನು ಬಿಡಿಸಿ ತೆಗೆಯುವ ಡಿಟೆಕ್ಟರಿನಿಂದ ಹೊರಬರುವ, ಎರಡೂ ಬದಿ ಸಮನಾಗಿ ದುಂಡಗಿರುವ ಸೈನ್ ಅಲೆ. ಪೆನ್ಸಿಲ್ ಒಳಗೆ ಓಡಿಸಿದರೆ ಮುಗಿಯಿತು. ಮೂವತ್ತು ಪುಸ್ತಕ, ಮೂವತ್ತು ಒಂದೇ ಅಲೆ, ತಿದ್ದುವವನಿಗೆ ಕಣ್ಣಿಗೆ ಹಿತ. ಇದನ್ನು ಶಿಸ್ತು ಎಂದು ನಾನು ಕರೆಯುತ್ತಿದ್ದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಹೆಮ್ಮೆಯೇ ಇತ್ತು.

ಆ ವರ್ಷ ಅಂತಿಮ ಸೆಮಿಸ್ಟರಿನಲ್ಲಿ ಮಡಂತ್ಯಾರಿನಿಂದ ಬರುವ ಒಬ್ಬ ಹುಡುಗಿ ಇದ್ದಳು. ಬ್ಯಾರಿ ಮುಸ್ಲಿಮರ ಕುಟುಂಬ, ಅಪ್ಪನಿಗೆ ಪೈಪು, ನಲ್ಲಿ, ಟ್ಯಾಂಕು ಮಾರುವ ಅಂಗಡಿ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲಾಗಿ, ನನಗಿಂತ ದೂರದಿಂದ ಬಂದು ನನಗಿಂತ ಮೊದಲು ಲ್ಯಾಬಿನ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅದೂ ನನಗೆ ಸ್ವಲ್ಪ ಸಿಟ್ಟು ತರಿಸುತ್ತಿತ್ತು. ಟೆಲಿಫೋನ್ ಇಲಾಖೆಯ ಅಪ್ರೆಂಟಿಸ್ ಹುದ್ದೆಗೆ ಅವಳ ಆಯ್ಕೆಯಾಗಿತ್ತು. ಪತ್ರ ತಂದು ತೋರಿಸಿದ್ದಳು. ಈ ಸೆಮಿಸ್ಟರಿನಲ್ಲಿ ಎಲ್ಲ ವಿಷಯ ಪಾಸಾದ ಅಂಕಪಟ್ಟಿಯನ್ನು ಹೇಳಿದ ತಿಂಗಳಿನೊಳಗೆ ಕೊಟ್ಟರೆ ಮಾತ್ರ ಸೇರಬಹುದು, ಇಲ್ಲದಿದ್ದರೆ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು. ಆ ಮನೆಯಲ್ಲಿ ಅಂಗಡಿಯ ಹೊರಗೆ ಕೆಲಸಕ್ಕೆ ಹೋಗಲಿದ್ದ ಮೊದಲ ಹೆಣ್ಣುಮಗಳು ಅವಳು.

ನಾಲ್ಕನೆಯ ಪ್ರಯೋಗದ ದಿನ ಅವಳು ಗ್ರಾಫು ಹಾಳೆ ತಂದು ಮೇಜಿನ ಮೇಲಿಟ್ಟಳು. ಅಚ್ಚಿನಲ್ಲಿ ಬರೆದದ್ದಲ್ಲ, ಕೈಯಲ್ಲಿ ಬರೆದದ್ದು. ಮಾಡ್ಯುಲೇಟೆಡ್ ಅಲೆ ಸರಿ ಇತ್ತು. ಡಿಟೆಕ್ಟರಿನ ಅಲೆ ಮಾತ್ರ ವಿಚಿತ್ರ. ಏರುವ ಬದಿ ದುಂಡಗೆ, ಇಳಿಯುವ ಬದಿ ಸ್ಕೇಲು ಇಟ್ಟು ಎಳೆದ ಹಾಗೆ ಓರೆಯಾದ ನೇರ ಗೆರೆ.

“ಇದು ಎಂತ?” ಎಂದೆ.

“ಹೀಗೇ ಕಾಣ್ತದೆ ಸರ್.”

“ಕಾಣ್ಲಿಕ್ಕಿಲ್ಲ. ಕನೆಕ್ಷನ್ ಲೂಸ್ ಉಂಟು. ಪುನಃ ಮಾಡು.” ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಹೊಡೆದು ತಾರೀಕು ಹಾಕಿದೆ. ತಾರೀಕು ಹಾಕುವುದು ನನ್ನ ಶಿಸ್ತಿನ ಇನ್ನೊಂದು ಭಾಗ.

ಎದ್ದು ಹೋಗಿ ಸಿ.ಆರ್.ಓ. ನೋಡಿದ್ದರೆ ಆಗುತ್ತಿತ್ತು. ಹತ್ತು ಹೆಜ್ಜೆ. ಹೋಗಲಿಲ್ಲ. ಆ ಬೋರ್ಡು ನಾನೇ ಮಾಡಿದ್ದು ಎಂಬುದು ನನ್ನನ್ನು ಕುರ್ಚಿಗೆ ಅಂಟಿಸಿತ್ತು. ಹಿಂದಿನ ಮಳೆಗಾಲದಲ್ಲಿ ಹಳೆಯ ಬೋರ್ಡುಗಳೆಲ್ಲ ಬೂಸ್ಟು ಹಿಡಿದು ಹೋದಾಗ ಆರು ಹೊಸ ಡಿಟೆಕ್ಟರ್ ಬೋರ್ಡುಗಳನ್ನು ನಾನೇ ಬೆಸುಗೆ ಹಾಕಿ ತಯಾರಿಸಿದ್ದೆ. ಮೇಲಿನ ಫಲಕದಲ್ಲಿ ಬಿಳಿ ಬಣ್ಣದಿಂದ ಡಯೋಡಿನ ಚಿತ್ರ, ರೆಸಿಸ್ಟರ್ ಹತ್ತು ಕಿಲೋ ಓಮ್, ಕೆಪಾಸಿಟರ್ ಪಾಯಿಂಟ್ ಸೊನ್ನೆ ಒಂದು ಮೈಕ್ರೋಫ್ಯಾರಡ್ ಎಂದು ನಾನೇ ಬರೆದಿದ್ದೆ. ಬಿಡಿಭಾಗಗಳು ಫಲಕದ ಕೆಳಗೆ, ನಾಲ್ಕು ಸ್ಕ್ರೂ ಹಾಕಿ ಮುಚ್ಚಿದ ಪೆಟ್ಟಿಗೆಯೊಳಗೆ. ಹುಡುಗರು ಕೈ ಹಾಕಿ ಕಿತ್ತುಹಾಕಬಾರದು ಎಂದು ಸ್ಕ್ರೂಗಳ ಮೇಲೆ ಅರಗು ಕೂಡ ಒತ್ತಿದ್ದೆ. ಮುಖ್ಯಸ್ಥರು ನೋಡಿ, “ಕಂಪನಿ ಮಾಲಿನ ಹಾಗೆ ಉಂಟು ಮಾರಾಯ” ಎಂದಿದ್ದರು. ಆ ಒಂದು ಮಾತಿನಲ್ಲಿ ನಾನು ಒಂದು ವರ್ಷ ಬದುಕಿದ್ದೆ.

ಮರುವಾರ ಅವಳು ಮತ್ತೆ ಬಂದಳು. ಬೇರೆ ಬೋರ್ಡಿನಲ್ಲಿ ಮಾಡಿದ್ದಳು. ಅದೇ ಓರೆ ಗೆರೆ. ಈ ಸಲ ಜೊತೆಗೆ ಅಳತೆಗಳ ಒಂದು ಸಣ್ಣ ಪಟ್ಟಿಯೂ ಇತ್ತು. ಸಂದೇಶದ ವೋಲ್ಟೇಜನ್ನು ಕಡಿಮೆ ಮಾಡುತ್ತಾ ಬಂದು, ಇಂಡೆಕ್ಸ್ ಪಾಯಿಂಟ್ ಒಂದು ಐದಕ್ಕೆ ಇಳಿದಾಗ ಓರೆ ಹೋಗಿ ಸೈನ್ ಅಲೆ ಬಂತು ಎಂದು ಬರೆದಿದ್ದಳು. ಹೆಚ್ಚು ಮಾಡಿದಷ್ಟೂ ಓರೆ ಹೆಚ್ಚು.

“ನಿನಗೆ ಯಾರು ಇದೆಲ್ಲ ಮಾಡ್ಲಿಕ್ಕೆ ಹೇಳಿದ್ದು?”

“ಯಾರೂ ಹೇಳಲಿಲ್ಲ ಸರ್. ಯಾಕೆ ಹೀಗೆ ಅಂತ ನೋಡುವ ಅಂತ ಅನಿಸಿತು.”

ನಾನು ಪುಸ್ತಕ ಬಿಡಿಸಿ ಲೆಕ್ಕ ಮಾಡಿ ತೋರಿಸಿದೆ. ಲೆಕ್ಕ ನನ್ನ ಪರ ಇತ್ತು, ಅದಕ್ಕೇ ತೋರಿಸಿದ್ದು. ಡಯೋಡು ಅಲೆಯ ಒಂದು ಬದಿಯನ್ನು ಮಾತ್ರ ಬಿಡುತ್ತದೆ. ಕ್ಯಾರಿಯರಿನ ಒಂದೊಂದು ತುದಿ ಬಂದಾಗಲೂ ಕೆಪಾಸಿಟರ್ ಆ ಎತ್ತರಕ್ಕೆ ತುಂಬುತ್ತದೆ, ಮುಂದಿನ ತುದಿಯವರೆಗೆ ರೆಸಿಸ್ಟರಿನ ಮೂಲಕ ಸ್ವಲ್ಪ ಖಾಲಿಯಾಗುತ್ತದೆ. ಹಾಗೆ ತುಂಬುತ್ತ ಖಾಲಿಯಾಗುತ್ತ ಅದು ಅಂಚಿನ ಹಿಂದೆಯೇ ನಡೆಯುತ್ತದೆ. ಖಾಲಿಯಾಗುವ ವೇಗವನ್ನು ಹೇಳುವುದು ರೆಸಿಸ್ಟರ್ ಮತ್ತು ಕೆಪಾಸಿಟರಿನ ಗುಣಲಬ್ಧ, ಅದಕ್ಕೆ ಟೈಮ್ ಕಾನ್ಸ್ಟಂಟ್ ಎನ್ನುತ್ತಾರೆ. ನಮ್ಮದು ಹತ್ತು ಕಿಲೋ ಓಮ್ ಗುಣಿಸು ಪಾಯಿಂಟ್ ಸೊನ್ನೆ ಒಂದು ಮೈಕ್ರೋಫ್ಯಾರಡ್, ಅಂದರೆ ನೂರು ಮೈಕ್ರೋಸೆಕೆಂಡ್. ಸಂದೇಶ ಸಾವಿರ ಹರ್ಟ್ಜ್, ಇಂಡೆಕ್ಸ್ ಪಾಯಿಂಟ್ ಐದು ಇರುವಾಗ ಇನ್ನೂರ ಎಪ್ಪತ್ತಾರು ಮೈಕ್ರೋಸೆಕೆಂಡಿನವರೆಗೆ ಏನೂ ತೊಂದರೆ ಇಲ್ಲ.

“ನೂರು ದೊಡ್ಡದಾ, ಇನ್ನೂರ ಎಪ್ಪತ್ತಾರು ದೊಡ್ಡದಾ?” ಎಂದು ಕೇಳಿದೆ, ಇಡೀ ಲ್ಯಾಬಿಗೆ ಕೇಳುವ ಹಾಗೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಎರಡನೆಯ ಹಾಳೆಗೂ ಕೆಂಪು ಗೆರೆ ಬಿತ್ತು.

ಅವಳು ಹೋಗಲಿಲ್ಲ. ಹಾಳೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. “ಸರ್, ನಮ್ಮ ಅಂಗಡಿಯಲ್ಲಿ ಟ್ಯಾಂಕಿಗೆ ಸಣ್ಣ ನಲ್ಲಿ ಕೂರಿಸಿದರೆ ಹೀಗೇ ಆಗ್ತದೆ. ನೀರು ಬರುವುದು ಕಡಿಮೆಯಾದರೂ ಟ್ಯಾಂಕಿನ ಮಟ್ಟ ಅಷ್ಟು ಬೇಗ ಇಳಿಯುವುದಿಲ್ಲ. ತನ್ನ ಪಾಡಿಗೆ ನಿಧಾನ ಇಳಿಯುತ್ತಾ ಇರ್ತದೆ. ಇಲ್ಲಿ ಕೂಡ ಕೆಪಾಸಿಟರ್ ಅಂಚಿನಷ್ಟು ಬೇಗ ಖಾಲಿಯಾಗುವುದಿಲ್ಲ ಅಂತ ಕಾಣ್ತದೆ. ಒಮ್ಮೆ ಬೋರ್ಡು ತೆಗೆದು ನೋಡುವನಾ?”

ಇಷ್ಟು ಸರಿಯಾಗಿ ನಾನು ಕೂಡ ಯಾರಿಗೂ ಪಾಠ ಮಾಡಿರಲಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ನನ್ನ ಬೋರ್ಡು ತೆಗೆಯಬೇಕಂತೆ, ಅರಗು ಒಡೆಯಬೇಕಂತೆ.

“ಆರು ಬೋರ್ಡೂ ಒಂದೇ ಥರ ಕೆಡ್ಲಿಕ್ಕೆ ಸಾಧ್ಯ ಉಂಟಾ? ಸ್ವಲ್ಪ ತಲೆ ಉಪಯೋಗಿಸು,” ಎಂದೆ.

ಆರೂ ಒಂದೇ ಥರ ಇವೆ ಎಂಬುದೇ ಆರೂ ಸರಿ ಇವೆ ಎಂಬುದಕ್ಕೆ ನನ್ನ ಸಾಕ್ಷಿಯಾಗಿತ್ತು. ಒಬ್ಬನೇ ಮನುಷ್ಯ, ಒಂದೇ ದಿನ, ಒಂದೇ ಪೊಟ್ಟಣದಿಂದ ತೆಗೆದು ಆರನ್ನೂ ಮಾಡಿದ್ದಾನೆ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೆಯ ಸಲ ಅವಳು ಬಂದದ್ದು ರೆಕಾರ್ಡ್ ಒಪ್ಪಿಸಲು ನಾಲ್ಕು ದಿನ ಇರುವಾಗ. ಅದೇ ಗ್ರಾಫು, ಇನ್ನೂ ಅಚ್ಚುಕಟ್ಟಾಗಿ. ಸಂದೇಶವನ್ನು ಸಾವಿರ ಹರ್ಟ್ಜ್‌ನಿಂದ ನೂರಕ್ಕೆ ಇಳಿಸಿದರೆ ಪಾಯಿಂಟ್ ಐದರಲ್ಲಿಯೂ ಒಳ್ಳೆಯ ಸೈನ್ ಅಲೆ ಬರುತ್ತದೆ ಎಂದು ಕೆಳಗೆ ಬರೆದಿದ್ದಳು.

“ಸರ್, ಲೂಸ್ ಕನೆಕ್ಷನ್ ಆದರೆ ನೂರು ಹರ್ಟ್ಜ್‌ನಲ್ಲಿಯೂ ಕೆಡಬೇಕಿತ್ತಲ್ವಾ?”

ಉತ್ತರ ಇಲ್ಲದವನು ಮಾಡುವುದನ್ನೇ ಮಾಡಿದೆ, ಗಂಟಲು ಏರಿಸಿದೆ. ಇಷ್ಟು ಜನ ಬರೆದದ್ದು ಸುಳ್ಳು, ನೀನೊಬ್ಬಳು ಬರೆದದ್ದು ಸತ್ಯವಾ ಎಂದೆ. ಅವಳ ಹಿಂದೆ ಸಾಲು ನಿಂತವರ ಕೈಯಲ್ಲಿ ಅಚ್ಚಿನ ಅಲೆಗಳು ಸಹಿಗೆ ಕಾಯುತ್ತಿದ್ದವು. ಅವರಿಗೂ ಪರದೆಯಲ್ಲಿ ಓರೆ ಗೆರೆಯೇ ಕಂಡಿತ್ತು. ಅವರು ಬುದ್ಧಿವಂತರು, ನೋಡಿದ್ದನ್ನು ಬಾಯಿ ಬಿಡಲಿಲ್ಲ. ಮೂರನೆಯ ಹಾಳೆಗೆ ಅಡ್ಡ ಹೊಡೆದು, ತಾರೀಕು ಹಾಕಿ, ಎಕ್ಸ್‌ರೇ ಅಚ್ಚನ್ನು ಅವಳ ಮುಂದೆ ಸರಿಸಿದೆ.

“ಹೀಗೆ ಬರಿ. ಪರೀಕ್ಷೆಯಲ್ಲಿ ಕೂಡ ಹೀಗೇ ಬರಿ. ಸಹಿ ಬೇಕಾ ಬೇಡವಾ?”

ಅವಳು ಅಚ್ಚು ತೆಗೆದುಕೊಂಡು ಹೋಗಿ ಅರ್ಧ ಗಂಟೆಯಲ್ಲಿ ಹಾಳೆ ತಂದಳು. ಅಲೆ ಚೆನ್ನಾಗಿತ್ತು. ನಾನು ಸಹಿ ಹಾಕಿದೆ. ಗೆದ್ದೆ ಎಂದು ಅನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಿವೃತ್ತಿಯ ಅಂಚಿನಲ್ಲಿದ್ದ, ಮೆತ್ತಗಿನ ದನಿಯ ಮನುಷ್ಯ. ಒಳಗಿನ ಪರೀಕ್ಷಕ ನಾನು. ವಿದ್ಯಾರ್ಥಿಗಳು ಚೀಟಿ ಎತ್ತಿ ತಮ್ಮ ಪ್ರಯೋಗ ಯಾವುದೆಂದು ತಿಳಿಯುವುದು ಪದ್ಧತಿ. ಆ ಬ್ಯಾಚಿನಲ್ಲಿ ಮೂವರಿಗೆ ನಾಲ್ಕನೆಯ ಪ್ರಯೋಗ ಬಂತು. ಅವರಲ್ಲಿ ಅವಳೂ ಒಬ್ಬಳು. ಉಳಿದಿಬ್ಬರು ಹುಡುಗರು ಪರೀಕ್ಷಕರು ಹತ್ತಿರ ಬರುವುದನ್ನು ಕಂಡು ಸಿ.ಆರ್.ಓ.ದ ಸಮಯದ ಗುಂಡಿಯನ್ನು ತಿರುಗಿಸಿಬಿಟ್ಟರು. ಅಲೆಗಳೆಲ್ಲ ಒತ್ತಿಕೊಂಡು ಬರೀ ಹಸಿರು ಪಟ್ಟಿಯಾದವು, ಓರೆಯೋ ದುಂಡಗೋ ಯಾರಿಗೂ ತಿಳಿಯದು. ಪರೀಕ್ಷಕರು ಇಂಡೆಕ್ಸ್ ಕೇಳಿದರು, ಒಂದನ್ನು ದಾಟಿದರೆ ಏನಾಗುತ್ತದೆ ಎಂದು ಕೇಳಿದರು. ಇಬ್ಬರೂ ಬಾಯಿಪಾಠ ಒಪ್ಪಿಸಿ ಪಾರಾದರು. ಅವಳಿಗೆ ಆ ಉಪಾಯ ಗೊತ್ತಿರಲಿಲ್ಲವೋ, ಬೇಕಾಗಿರಲಿಲ್ಲವೋ. ಅವಳ ಪರದೆಯಲ್ಲಿ ಎರಡು ದೊಡ್ಡ ಅಲೆಗಳು ಸ್ಪಷ್ಟವಾಗಿ ನಿಂತಿದ್ದವು.

ಪರೀಕ್ಷಕರು ಪರದೆ ನೋಡಿದರು. ಮೇಜಿನ ಮೇಲಿದ್ದ ಅವಳ ಗ್ರಾಫು ನೋಡಿದರು. ಗ್ರಾಫಿನಲ್ಲಿ ಸೈನ್ ಅಲೆ.

“ಇದು ನೀನು ಬರೆದದ್ದಾ?”

“ಹೌದು ಸರ್.”

“ಅಲ್ಲಿ ಕಾಣುವುದು?”

“ಅದು ಬೇರೆ ಸರ್.”

“ಹಾಗಾದರೆ ಇದು ಎಲ್ಲಿಂದ ಬಂತು?”

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಯಿನ್ ಸ್ವಿಚ್ಚನ್ನು ನೋಡಿದೆ. ಆಗಲೂ ನನಗೆ ಇದ್ದದ್ದು ಸಿಟ್ಟೇ. ಪರೀಕ್ಷೆಯ ದಿನ ಕೂಡ ಕನೆಕ್ಷನ್ ಸರಿ ಕೊಟ್ಟಿಲ್ಲ, ನನ್ನ ಲ್ಯಾಬಿನ ಮರ್ಯಾದೆ ತೆಗೆದಳು ಎಂದು.

“ರೆಕಾರ್ಡಿನಲ್ಲಿ ಹೀಗೆ ಉಂಟು ಸರ್,” ಎಂದಳು. ನನ್ನ ಹೆಸರು ಎತ್ತಲಿಲ್ಲ. ಪರೀಕ್ಷಕರು ಮತ್ತೇನೂ ಕೇಳದೆ ಮುಂದಿನ ಮೇಜಿಗೆ ಹೋದರು.

ಮಧ್ಯಾಹ್ನ ಮೂರಕ್ಕೆ ಪರೀಕ್ಷೆ ಮುಗಿಯಿತು. ವಿದ್ಯಾರ್ಥಿಗಳು ಹೋದರು. ಮುಖ್ಯಸ್ಥರ ಕೋಣೆಯಲ್ಲಿ ಚಹಾ, ಗೋಳಿಬಜೆ. ಪರೀಕ್ಷಕರು ಅಂಕದ ಪಟ್ಟಿ ತುಂಬುತ್ತಿದ್ದರು. ಅವಳ ಸಂಖ್ಯೆಯ ಮುಂದೆ ಬರೆದದ್ದು ಪಾಸಿಗೆ ನಾಲ್ಕು ಕಡಿಮೆ. ಗ್ರಾಫಿಗೂ ಫಲಿತಾಂಶಕ್ಕೂ ಸೊನ್ನೆ.

ಮುಖ್ಯಸ್ಥರು ಹುಬ್ಬು ಏರಿಸಿದರು. ನಾನು ಬಾಯಿ ಹಾಕಿದೆ. “ಹುಡುಗಿ ಚುರುಕು ಉಂಟು ಸರ್. ಕನೆಕ್ಷನ್ ಕೊಡುವುದರಲ್ಲಿ ಸ್ವಲ್ಪ...”

“ಕನೆಕ್ಷನ್ ಸರಿಯೇ ಇತ್ತು,” ಎಂದರು ಪರೀಕ್ಷಕರು. “ನಿಮ್ಮ ಬೋರ್ಡಿನಲ್ಲಿ ತೊಂದರೆ. ಆ ಗೆರೆ ಇಳಿಯುವ ರೀತಿ ನೋಡಿದರೆ ಟೈಮ್ ಕಾನ್ಸ್ಟಂಟ್ ಒಂದು ಮಿಲಿಸೆಕೆಂಡ್ ಹತ್ತಿರ ಉಂಟು. ನೂರು ಮೈಕ್ರೋಸೆಕೆಂಡ್ ಅಲ್ಲ. ಪುರುಸೊತ್ತಿನಲ್ಲಿ ತೆಗೆದು ನೋಡಿ.”

ಪುರುಸೊತ್ತಿಗೆ ಕಾಯಲಿಲ್ಲ. ಚಹಾ ಬಿಟ್ಟು ಲ್ಯಾಬಿಗೆ ಬಂದೆ. ಅರಗು ಒಡೆದೆ, ಸ್ಕ್ರೂ ಬಿಚ್ಚಿದೆ. ಕೆಪಾಸಿಟರಿನ ಮೈಮೇಲೆ ಒಂದು ಸೊನ್ನೆ ನಾಲ್ಕು ಎಂದು ಅಚ್ಚಾಗಿತ್ತು. ಪಾಯಿಂಟ್ ಸೊನ್ನೆ ಒಂದಕ್ಕೆ ಇರಬೇಕಾದದ್ದು ಒಂದು ಸೊನ್ನೆ ಮೂರು. ಕೊನೆಯ ಅಂಕೆ ಎಷ್ಟು ಸೊನ್ನೆ ಸೇರಿಸಬೇಕು ಎಂದು ಹೇಳುತ್ತದೆ, ಮೂರರ ಜಾಗದಲ್ಲಿ ನಾಲ್ಕು ಬಂದರೆ ಬೆಲೆ ಹತ್ತು ಪಟ್ಟು. ಎರಡನೆಯ ಬೋರ್ಡು ಬಿಚ್ಚಿದೆ. ಮೂರನೆಯದು. ಆರೂ ಹಾಗೆಯೇ. ಬಿ.ಸಿ.ರೋಡಿನ ಅಂಗಡಿಯಲ್ಲಿ ನಾನು ಬಸ್ಸಿನ ಅವಸರದಲ್ಲಿ ಪಾಯಿಂಟ್ ಸೊನ್ನೆ ಒಂದು ಎಂದು ಹೇಳಿ, ಕೊಟ್ಟ ಪೊಟ್ಟಣವನ್ನು ಕಿಸೆಗೆ ಹಾಕಿಕೊಂಡು ಬಂದಿದ್ದೆ. ಬೆಸುಗೆ ಹಾಕುವಾಗ ಒಂದನ್ನಾದರೂ ತಿರುಗಿಸಿ ಓದಲಿಲ್ಲ. ವಿದ್ಯಾರ್ಥಿಗಳಿಗೆ ಮೊದಲ ವಾರ ಕಲಿಸುವ ಪಾಠವೇ ಅದು. ಅಂಗಡಿಯವನನ್ನು ಬೈಯಲು ನೋಡಿದೆ, ಮನಸ್ಸು ಒಪ್ಪಲಿಲ್ಲ.

ಲೆಕ್ಕ ಈಗ ಬೇರೆಯೇ ಹೇಳುತ್ತಿತ್ತು. ಗುಣಲಬ್ಧ ಒಂದು ಮಿಲಿಸೆಕೆಂಡ್, ಅಂದರೆ ಸಾವಿರ ಮೈಕ್ರೋಸೆಕೆಂಡ್. ಸಾವಿರ ಹರ್ಟ್ಜ್‌ಗೆ ಅಂಚನ್ನು ಹಿಂಬಾಲಿಸಬೇಕಾದರೆ ಇಂಡೆಕ್ಸ್ ಹೆಚ್ಚೆಂದರೆ ಪಾಯಿಂಟ್ ಒಂದು ಐದರ ಆಸುಪಾಸು. ಅವಳ ಎರಡನೆಯ ಹಾಳೆಯಲ್ಲಿದ್ದ ಸಂಖ್ಯೆ ಅದು. ನೂರು ಹರ್ಟ್ಜ್‌ಗೆ ಪಾಯಿಂಟ್ ಐದು ಸಲೀಸು. ಅದು ಮೂರನೆಯ ಹಾಳೆಯಲ್ಲಿತ್ತು. ನನ್ನ ಪೆಟ್ಟಿಗೆಯನ್ನು ತೆಗೆಯದೆಯೇ ಅವಳು ಅದರ ಒಳಗನ್ನು ಅಳೆದು ನನ್ನ ಮೇಜಿನ ಮೇಲೆ ಇಟ್ಟಿದ್ದಳು. ನಾನು ಅದಕ್ಕೆ ಅಡ್ಡ ಗೆರೆ ಎಳೆದಿದ್ದೆ.

ಓಡಿದೆ ಎಂದೇ ಹೇಳಬೇಕು. ಮುಖ್ಯಸ್ಥರ ಕೋಣೆಯಲ್ಲಿ ಅಂಕಪಟ್ಟಿ ಇನ್ನೂ ಮೇಜಿನ ಮೇಲಿತ್ತು, ಲಕೋಟೆ ಇನ್ನೂ ತೆರೆದೇ ಇತ್ತು. ಕಿತ್ತು ತಂದ ಒಂದು ಕೆಪಾಸಿಟರನ್ನು ಅಂಗೈಯಲ್ಲಿಟ್ಟು ಪರೀಕ್ಷಕರಿಗೆ ತೋರಿಸಿದೆ.

“ನೀವು ಹೇಳಿದ್ದು ಸರಿ ಸರ್. ಬೋರ್ಡಿನದ್ದೇ ತಪ್ಪು. ಹಾಗಾಗಿ ಆ ಹುಡುಗಿಯದ್ದು ಒಮ್ಮೆ ನೋಡಬಹುದಾ?”

ಅವರು ಕನ್ನಡಕ ತೆಗೆದರು. “ಬೋರ್ಡು ಕೆಟ್ಟದ್ದಕ್ಕೆ ನಾನು ಅಂಕ ಕಡಿಮೆ ಮಾಡಲಿಲ್ಲ ಮಾರಾಯ್ರೆ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಕಣ್ಣೆದುರು ಒಂದು, ಕಾಗದದಲ್ಲಿ ಇನ್ನೊಂದು. ಅದಕ್ಕೆ ಹೇಗೆ ಕೊಡುವುದು? ಅವಳು ಒಮ್ಮೆಯಾದರೂ ಸರಿ ಬರೆದಿದ್ದರ ಪುರಾವೆ ಏನಾದರೂ ಉಂಟಾ?”

ಇತ್ತು. ಮೂರು ಹಾಳೆ. ಮೂರರಲ್ಲಿಯೂ ನನ್ನ ಕೆಂಪು ಶಾಯಿ, ನನ್ನ ಕೈಬರಹದ ತಾರೀಕು. ತಿರಸ್ಕರಿಸಿದ ಹಾಳೆಗಳನ್ನು ರೆಕಾರ್ಡಿನ ಕೊನೆಯಲ್ಲಿ ಅಂಟಿಸಿಡಬೇಕು ಎಂಬುದೂ ನಾನೇ ಮಾಡಿದ ನಿಯಮ. ಅವಳ ಪುಸ್ತಕ ಪಕ್ಕದ ಬೆಂಚಿನ ಮೇಲೆ ಉಳಿದವರ ಪುಸ್ತಕಗಳ ಜೊತೆ ಇತ್ತು. ಎರಡು ಹೆಜ್ಜೆ ಹಾಕಿ, ಕೊನೆಯ ಪುಟ ಬಿಡಿಸಿ, ಇವಳು ಮೂರು ಸಲ ಕಂಡದ್ದನ್ನೇ ಬರೆದಳು, ನಾನು ಮೂರು ಸಲ ಹೊಡೆದುಹಾಕಿದೆ, ಪರೀಕ್ಷೆಯಲ್ಲಿ ಸುಳ್ಳು ಬರೆಯಲು ನಾನೇ ಹೇಳಿದೆ ಎಂದರೆ ಆಯಿತು.

ಎದುರಿಗೆ ಮುಖ್ಯಸ್ಥರು ಕೂತಿದ್ದರು. ಜೂನ್ ಹತ್ತಿರ ಬಂದಿತ್ತು. ಖಾಯಂ ಮಾಡುವ ಕಡತ ಅವರ ಸಹಿಗೆ ಹೋಗಿತ್ತು. ಇದೆಲ್ಲ ಕಾರಣ ಹೌದು, ಆದರೆ ಪೂರ್ತಿ ಕಾರಣ ಅಲ್ಲ. ಅಷ್ಟು ಜನರ ಎದುರು ನೂರು ದೊಡ್ಡದಾ ಇನ್ನೂರ ಎಪ್ಪತ್ತಾರು ದೊಡ್ಡದಾ ಎಂದು ಕೇಳಿದವನು ಈಗ ಇನ್ನಿಬ್ಬರ ಎದುರು ಬಾಯಿ ಬಿಡಬೇಕಿತ್ತು.

“ನೋಡಬೇಕಷ್ಟೇ ಸರ್,” ಎಂದೆ. ನೋಡಲಿಲ್ಲ. ಅವರು ಬೇರೆ ಮಾತು ತೆಗೆದರು. ಉಳಿದ ಅಂಕಗಳನ್ನು ಕೂಡಿಸಿದರು. ವಿವರಗಳನ್ನು ಎರಡೆರಡು ಸಲ ಸರಿನೋಡಿದರು. ನನಗಾಗಿಯೇ ನಿಧಾನ ಮಾಡಿದರೋ ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಕೊನೆಗೆ ಲಕೋಟೆಗೆ ಗೋಂದು ಹಚ್ಚಿ, ಮೇಣ ಕರಗಿಸಿ ಮೊಹರು ಒತ್ತಿ, ಮಂಗಳೂರಿನ ಬಸ್ಸಿಗೆ ಹೊರಟರು. ನಾನು ಲ್ಯಾಬಿಗೆ ಹೋಗಿ ಬೆಸುಗೆಯ ಕಡ್ಡಿ ಬಿಸಿ ಮಾಡಿ, ಹಳೆಯ ಸ್ಟಾಕಿನಲ್ಲಿದ್ದ ಒಂದು ಸೊನ್ನೆ ಮೂರು ಕೆಪಾಸಿಟರುಗಳನ್ನು ಹುಡುಕಿ, ಒಂದೊಂದನ್ನೂ ಓದಿ, ಆರು ಬೋರ್ಡುಗಳಿಗೂ ಹಾಕಿದೆ. ಕೈ ಸುಟ್ಟುಕೊಂಡೆ. ಬೋರ್ಡಿಗೆ ಬೈದೆ, ಬಸ್ಸಿಗೆ ಬೈದೆ.

ಫಲಿತಾಂಶ ಬಂತು. ಬೇರೆಲ್ಲ ವಿಷಯದಲ್ಲಿ ಅವಳಿಗೆ ಒಳ್ಳೆಯ ಅಂಕಗಳಿದ್ದವು, ಈ ಲ್ಯಾಬು ಮಾತ್ರ ಉಳಿಯಿತು. ಅಪ್ರೆಂಟಿಸ್ ಜಾಗ ಪಟ್ಟಿಯ ಮುಂದಿನವರಿಗೆ ಹೋಯಿತು ಎಂದು ಅವಳ ಸಹಪಾಠಿಯೊಬ್ಬಳು ಹೇಳಿದಳು. ಆರು ತಿಂಗಳು ಅವಳು ಅಪ್ಪನ ಅಂಗಡಿಯಲ್ಲಿ ಕೂತಳಂತೆ. ಬೆಳ್ತಂಗಡಿಗೆ ಒಂದು ಮದುವೆಗೆ ಹೋಗುವಾಗ ನಾನಿದ್ದ ಬಸ್ಸು ಮಡಂತ್ಯಾರಿನಲ್ಲಿ ಆ ಅಂಗಡಿಯ ಎದುರೇ ನಿಂತಿತು. ನಾನು ಇನ್ನೊಂದು ಬದಿಯ ಕಿಟಕಿಯ ಕಡೆ ತಿರುಗಿ ಕೂತೆ. ಆ ಜೂನಿನಲ್ಲಿ ನಾನು ಖಾಯಂ ಆದೆ, ಅದನ್ನೂ ಹೇಳಬೇಕು. ಮುಖ್ಯಸ್ಥರು ಕೈ ಕುಲುಕಿದಾಗ ಸಂತೋಷ ಆಗಲಿಲ್ಲ, ಯಾಕೆ ಆಗಲಿಲ್ಲ ಎಂದು ಮನೆಯವರಿಗೆ ವಿವರಿಸಲೂ ಆಗಲಿಲ್ಲ.

ಉಳಿದ ಆ ಲ್ಯಾಬನ್ನು ಮುಗಿಸಲು ವರ್ಷದ ಕೊನೆಯ ಪರೀಕ್ಷೆಗೆ ಅವಳು ಬಂದಳು. ಚೀಟಿಯಲ್ಲಿ ಬೇರೆ ಪ್ರಯೋಗ ಬಂದಿತ್ತು, ಸುಲಭದ್ದು. ಅರ್ಧ ಸಮಯದಲ್ಲೇ ಮುಗಿಸಿದಳು. ಹೊಸ ಪರೀಕ್ಷಕರು ಎರಡು ಪ್ರಶ್ನೆ ಕೇಳಿ, ಚೆನ್ನಾಗಿದೆ ಎಂದು ಮುಂದೆ ಹೋದರು. ಅವಳ ಪಕ್ಕದ ಮೇಜಿನಲ್ಲಿ ಕಿರಿಯ ಹುಡುಗಿಯೊಬ್ಬಳು ನಾಲ್ಕನೆಯ ಪ್ರಯೋಗ ಮಾಡುತ್ತಿದ್ದಳು. ಪರದೆಯಲ್ಲಿ ಡಿಟೆಕ್ಟರಿನ ಅಲೆ ಎರಡೂ ಬದಿ ಸಮವಾಗಿ ಏರಿಳಿಯುತ್ತಿತ್ತು. ಇವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ವಯರುಗಳನ್ನು ಸುತ್ತಿಟ್ಟು ಉತ್ತರಪತ್ರಿಕೆ ಕೊಡಲು ನನ್ನ ಮೇಜಿಗೆ ಬಂದಳು.

“ಸರ್, ಬೋರ್ಡು ಸರಿ ಮಾಡಿದ್ದೀರಿ.”

“ಹೌದು. ಕೆಪಾಸಿಟರ್ ತಪ್ಪಿತ್ತು. ನೀನು ಹೇಳಿದ್ದೇ ಸರಿ.” ಆರು ತಿಂಗಳಿನಿಂದ ಕಲಿತಿಟ್ಟ ಮಾತು ಅದು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದೆ.

ಅವಳ ಮುಖದಲ್ಲಿ ಒಂದು ಕ್ಷಣ ಸಂತೋಷವೇ ಕಂಡಿತು, ಲೆಕ್ಕ ತಾಳೆಯಾದವರಿಗೆ ಆಗುವ ಹಾಗೆ. “ಯಾವಾಗ ಗೊತ್ತಾಯಿತು ಸರ್?”

ಸುಳ್ಳು ಹೇಳಬಹುದಿತ್ತು. ಮಳೆಗಾಲದಲ್ಲಿ ಎಂದರೆ ಮುಗಿಯುತ್ತಿತ್ತು. “ನಿನ್ನ ಪರೀಕ್ಷೆಯ ದಿನ,” ಎಂದೆ. “ಮೂರೂವರೆಗೆ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಹೋಗುತ್ತಾಳೆ ಎಂದುಕೊಂಡೆ.

“ಆ ದಿನ ಪರೀಕ್ಷಕರು ಎಷ್ಟು ಗಂಟೆವರೆಗೆ ಇದ್ದರು ಸರ್?”

“ಐದೂವರೆವರೆಗೆ,” ಎಂದೆ.